ಬೆಳಿಗ್ಗೆ 6.51ಕ್ಕೆ ಖಾಲಿಯಾದ ಒಂದೂವರೆ ಜಿಬಿ: ಮೊಬೈಲ್ ಕಂಪನಿಯವ್ರು ಡೇಟಾ ಲೆಕ್ಕ ಹಾಕುದು ಹೇಗೆ

ಉಡುಪಿಯಲ್ಲಿ ಮೊನ್ನೆ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದು ಇದು, ಬರೆದು ಹಾಕಿ ಅಂತ ಕೇಳಿದವ್ರು ಸುಮಾರು ಜನ ಇದ್ರು, ಹಾಗಾಗಿ ಮಾತಾಡಿದ ಹಾಗೇ ಬರ್ದಿದ್ದೇನೆ. ನಾನು ಕೆಲವು ವರ್ಷ ಟೆಲಿಕಾಂ ಬಿಲ್ಲಿಂಗ್ ಬದಿಯಲ್ಲಿ ಕೆಲಸ ಮಾಡಿದವ, ಅಂದ್ರೆ ನಿಮ್ಮ ಡೇಟಾ ಎಷ್ಟು ಹೋಯ್ತು ಅಂತ ಲೆಕ್ಕ ಹಿಡಿಯುವ ಸಾಫ್ಟ್‌ವೇರಿನ ಜೊತೆ. ಎಲ್ಲಿ ಹೋದ್ರೂ ಜನ ಕೇಳುದು ಒಂದೇ ಪ್ರಶ್ನೆ, "ನಾನು ಎಂತ ಮಾಡ್ಲಿಲ್ಲ ಮಾರಾಯ್ರೆ, ಡೇಟಾ ಎಲ್ಲಿ ಹೋಯ್ತು?" ಅಂತ. ಅದಕ್ಕೆ ಇವತ್ತು ಒಂದೇ ಒಂದು ಕೇಸು ಹಿಡ್ಕೊಂಡು ಪೂರ್ತಿ ಬಿಡಿಸಿ ಹೇಳ್ತೇನೆ, ಬಾಕಿ ವಿಷಯ ಅದರ ಜೊತೆಗೇ ಬರ್ತದೆ.

ಬ್ರಹ್ಮಾವರದಲ್ಲಿ ನಮ್ಮ ಸಂಬಂಧಿಕ ಹುಡುಗ ಒಬ್ಬ ಇದ್ದಾನೆ, ಯಕ್ಷಗಾನದ ಹುಚ್ಚು, ಆಟಕ್ಕೆ ಹೋದ್ರೆ ಮೊಬೈಲಲ್ಲಿ ರೆಕಾರ್ಡ್ ಮಾಡಿಯೇ ಮಾಡ್ತಾನೆ. ಅವನ ಪ್ಯಾಕು ದಿನಕ್ಕೆ 1.5 ಜಿಬಿ, ಮೇಲಿಂದ ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ಎಷ್ಟು ಬೇಕಾದ್ರೂ ಬಳಸ್ಬಹುದು ಅಂತ ಉಂಟು. ಒಂದು ದಿನ ಆಟ ಮುಗಿಯುವ ಸ್ವಲ್ಪ ಮೊದಲೇ ಎದ್ದು ಬಂದ, ಮನೆ ಮುಟ್ಟುವಾಗ ಐದೂವರೆ ಹತ್ರ ಆಗಿತ್ತು. ಫೋನ್ ಚಾರ್ಜಿಗೆ ಹಾಕಿ ಮಲಗಿದ. ಎಂಟು ಗಂಟೆಗೆ ಎದ್ದು ನೋಡುವಾಗ ಮೂರು ಮೆಸೇಜ್ ಬಂದು ಬಿದ್ದಿದೆ, 50 ಪರ್ಸೆಂಟ್ ಆಯ್ತು, 90 ಪರ್ಸೆಂಟ್ ಆಯ್ತು, 100 ಪರ್ಸೆಂಟ್ ಆಯ್ತು, ಇನ್ನು ಸ್ಪೀಡ್ 64 ಕೆಬಿಪಿಎಸ್ ಅಂತ. ಕೊನೇದು ಬಂದದ್ದು 6.51ಕ್ಕೆ. ಅವನಿಗೆ ಸಿಟ್ಟು ನೆತ್ತಿಗೇರಿತು, ಫೋನು ಮುಟ್ಟದೆ ಮಲಗಿದವನ ಒಂದೂವರೆ ಜಿಬಿ 51 ನಿಮಿಷದಲ್ಲಿ ನುಂಗಿದ್ದಾರೆ, ಕಂಪನಿ ಕಳ್ಳ ಅಂತ ನನಗೆ ಫೋನ್ ಮಾಡಿದ.

ಕಂಪನಿ ಕಳ್ಳ ಆಗಿರ್ಲಿಲ್ಲ. ಆದ್ರೆ ಅವನ ಸಿಟ್ಟೂ ಸುಳ್ಳಲ್ಲ, ಯಾಕಂದ್ರೆ ಈ ಲೆಕ್ಕ ಹೇಗೆ ನಡೀತದೆ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ.

ಮೊದಲು ಮೀಟರ್ ಎಲ್ಲುಂಟು ಅಂತ ತಿಳ್ಕೊಳ್ಬೇಕು. ನಿಮ್ಮ ಫೋನಿನ ಸೆಟ್ಟಿಂಗ್ಸಲ್ಲಿ ಕಾಣುವ ಡೇಟಾ ಯೂಸೇಜ್ ಫೋನಿನ ಸ್ವಂತ ಲೆಕ್ಕ, ಕಂಪನಿ ಅದನ್ನ ನೋಡುದೂ ಇಲ್ಲ. ಟವರಲ್ಲೂ ಮೀಟರ್ ಇಲ್ಲ. ಟವರಿನಿಂದ ಒಳಗೆ ಹೋದ ಮೇಲೆ ಕಂಪನಿಯ ನೆಟ್‌ವರ್ಕ್ ಮುಗಿದು ಹೊರಗಿನ ಇಂಟರ್ನೆಟ್ ಶುರುವಾಗುವ ಜಾಗದಲ್ಲಿ ಒಂದು ಗೇಟ್‌ವೇ ಇರ್ತದೆ, ನಿಮ್ಮ ಡೇಟಾ ಪ್ಯಾಕೆಟ್ ಅನ್ನುವ ಸಣ್ಣ ಸಣ್ಣ ಕಟ್ಟಾಗಿ ಓಡಾಡುದು, ಪ್ರತಿಯೊಂದು ಪ್ಯಾಕೆಟ್ಟೂ ಅದನ್ನ ದಾಟಿಯೇ ಹೋಗ್ಬೇಕು, ಅದನ್ನ ದಾಟಿಯೇ ಬರ್ಬೇಕು. ಮೀಟರ್ ಇರುದು ಅಲ್ಲಿ. ಹೆಜಮಾಡಿ ಟೋಲ್ ಇದ್ದ ಹಾಗೆ ಅಂತ ಇಟ್ಕೊಳ್ಳಿ, ಗೇಟ್ ದಾಟಿದ ಗಾಡಿ ಲೆಕ್ಕಕ್ಕೆ ಬಂತು, ಅದು ಮುಂದೆ ಉಡುಪಿ ಮುಟ್ಟಿತಾ ಪಡುಬಿದ್ರೆಯಲ್ಲೇ ಕೆಟ್ಟು ನಿಂತಿತಾ ಅಂತ ಟೋಲಿನವ ಕೇಳುದಿಲ್ಲ.

ಇದರಿಂದ ಎರಡು ವಿಷಯ ಹೊರಡ್ತದೆ. ಒಂದು, ಅಪ್‌ಲೋಡೂ ಡೌನ್‌ಲೋಡೂ ಎರಡೂ ಸೇರಿ ಲೆಕ್ಕ, ಸುಮಾರು ಜನರಿಗೆ ಡೌನ್‌ಲೋಡ್ ಮಾತ್ರ ಅಂತ ತಲೆಯಲ್ಲಿ ಉಂಟು. ಇನ್ನೊಂದು, ಆಗುಂಬೆ ಘಾಟಿಯಲ್ಲೋ ಕೊಂಕಣ ರೈಲ್ವೆ ಸುರಂಗದಲ್ಲೋ ಸಿಗ್ನಲ್ ಹೋದ ಆ ಕ್ಷಣದಲ್ಲಿ ಗೇಟ್‌ವೇ ದಾಟಿ ಬಂದು ದಾರಿಯಲ್ಲಿ ಸತ್ತ ಪ್ಯಾಕೆಟ್ಟೂ ಕಂಪನಿ ಲೆಕ್ಕದಲ್ಲಿ ಸೇರಿರ್ತದೆ, ಫೋನಿನ ಲೆಕ್ಕದಲ್ಲಿ ಇರುದಿಲ್ಲ, ಮತ್ತೆ ಅದೇ ಪ್ಯಾಕೆಟ್ ಎರಡನೇ ಸಲ ಕಳಿಸಿದ್ರೆ ಎರಡನೇ ಸಲವೂ ಲೆಕ್ಕ. ಇದು ದೊಡ್ಡ ಮೊತ್ತ ಅಲ್ಲ, ಉತ್ತರ ಬರದಿದ್ರೆ ಆಚೆ ಬದಿಯ ಸರ್ವರ್ ಬೇಗ ಕಳಿಸುದು ನಿಲ್ಲಿಸ್ತದೆ. ಆದ್ರೆ ಫೋನಿನ ಲೆಕ್ಕ, ಕಂಪನಿ ಲೆಕ್ಕ ಯಾಕೆ ಯಾವತ್ತೂ ಸರಿಯಾಗಿ ತಾಳೆ ಆಗುದಿಲ್ಲ ಅನ್ನುವುದಕ್ಕೆ ಇದೊಂದು ಕಾರಣ.

ಈಗ ಪ್ರಿಪೇಯ್ಡ್ ಅಂದ್ರೆ ಎಂತ ಆಗ್ತದೆ ನೋಡಿ. ಗೇಟ್‌ವೇಗೆ ನಿಮ್ಮ ಬ್ಯಾಲೆನ್ಸ್ ಎಷ್ಟು ಅಂತ ಗೊತ್ತಿಲ್ಲ. ಅದು ಚಾರ್ಜಿಂಗ್ ಸರ್ವರ್ ಅಂತ ಬೇರೊಂದು ಕಡೆ ಇರ್ತದೆ. ನೀವು ಡೇಟಾ ಆನ್ ಮಾಡಿದ ಕೂಡ್ಲೇ ಗೇಟ್‌ವೇ ಆ ಸರ್ವರನ್ನ ಕೇಳ್ತದೆ, ಈ ಗಿರಾಕಿಗೆ ಎಷ್ಟು ಬಿಡ್ಬಹುದು ಅಂತ. ಸರ್ವರ್ ಪೂರ್ತಿ ಒಂದೂವರೆ ಜಿಬಿ ಎತ್ತಿ ಕೊಡುದಿಲ್ಲ, ಒಂದು ತುಂಡು ಕೊಡ್ತದೆ, ಇದಕ್ಕೆ ಕೋಟಾ ಅಂತ ಹೇಳುದು. ತುಂಡು ಎಷ್ಟು ದೊಡ್ಡದು ಅಂತ ಆಯಾ ಕಂಪನಿ ಇಟ್ಕೊಂಡ ಹಾಗೆ, ನಾವು ಲೆಕ್ಕಕ್ಕೆ 50 ಎಂಬಿ ಅಂತ ಇಟ್ಕೊಳ್ಳುವ. ಗೇಟ್‌ವೇ ಆ 50 ಎಂಬಿ ಬಿಡ್ತಾ ಬಿಡ್ತಾ ಎಣಿಸ್ತದೆ, ಮುಗಿಯುವ ಹತ್ರ ಬರುವಾಗ ಪುನಃ ಸರ್ವರಿಗೆ ಹೇಳ್ತದೆ, ಇಷ್ಟು ಖರ್ಚಾಯ್ತು ಇನ್ನೊಂದು ತುಂಡು ಕೊಡು ಅಂತ. ನೀವು ಫ್ಲೈಟ್ ಮೋಡ್ ಹಾಕಿದ್ರೆ ಸೆಷನ್, ಅಂದ್ರೆ ಡೇಟಾ ಆನ್ ಮಾಡಿದಾಗ ತೆರೆದ ಆ ಕನೆಕ್ಷನ್, ಮುಚ್ತದೆ, ಬಳಸಿದ್ದು ಎಷ್ಟೋ ಅಷ್ಟು ಕಟ್ ಮಾಡಿ ಉಳಿದದ್ದು ವಾಪಸ್ ಹೋಗ್ತದೆ.

ಆದ್ರಿಂದ ಕಂಪನಿ ಆ್ಯಪಲ್ಲಿ ಬ್ಯಾಲೆನ್ಸ್ ನೋಡುವಾಗ ಕಾಣುದು ಆ ಕ್ಷಣದ ಸತ್ಯ ಅಲ್ಲ. ಕೆಲವು ಕಡೆ ಕೊಟ್ಟ ತುಂಡನ್ನ ಮೊದಲೇ ಕಳೆದು ತೋರಿಸ್ತಾರೆ, ಆಗ ಬೆಳಿಗ್ಗೆ ಎದ್ದು ಒಂದು ವಾಟ್ಸಾಪ್ ಮೆಸೇಜ್ ನೋಡಿದ್ದಷ್ಟೇ, 50 ಎಂಬಿ ಹೋಗಿದೆ ಅಂತ ಕಾಣ್ತದೆ. ಕೆಲವು ಕಡೆ ಖರ್ಚಾದ ಮೇಲೆ ವರದಿ ಬಂದಾಗ ಮಾತ್ರ ಕಳೀತಾರೆ, ಆಗ 40 ಎಂಬಿ ಬಳಸಿದ್ರೂ ಏನೂ ಹೋಗಿಲ್ಲ ಅಂತ ಕಾಣ್ತದೆ, ಆಮೇಲೆ ಒಮ್ಮೆಲೇ ಧಡಕ್ಕಂತ ಇಳೀತದೆ. ಬ್ಯಾಲೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುದು ಕಂಡ್ರೆ ಅದು ಈ ತುಂಡಿನ ಕೆಲಸ, ಹೆದರ್ಲಿಕ್ಕೆ ಇಲ್ಲ. ಅಂತಿಮ ಲೆಕ್ಕ ನೋಡ್ಬೇಕಾದ್ರೆ ಫ್ಲೈಟ್ ಮೋಡ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ವೈಫೈಯಿಂದಲೋ ಬೇರೆ ಫೋನಿಂದಲೋ ನೋಡ್ಬೇಕು.

ಸರಿ, ಈಗ ನಮ್ಮ ಬ್ರಹ್ಮಾವರದ ಹುಡುಗ. ಅವನ ಫೋನಲ್ಲಿ ಫೋಟೋ ವಿಡಿಯೋ ಬ್ಯಾಕಪ್ ಆನ್ ಇತ್ತು, ಮೊಬೈಲ್ ಡೇಟಾದಲ್ಲೂ ಮಾಡು ಅಂತ ಒಪ್ಪಿಗೆ ಕೊಟ್ಟಿದ್ದ, ಚಾರ್ಜಿಗೆ ಹಾಕಿದಾಗ ಮಾತ್ರ ಶುರು ಮಾಡು ಅಂತಲೂ ಇತ್ತು. ರೆಕಾರ್ಡ್ ಮಾಡಿದ ವಿಡಿಯೋ ಹತ್ರ ಹತ್ರ 4 ಜಿಬಿ, ಅಂದ್ರೆ 4096 ಎಂಬಿ. ಚಾರ್ಜಿಗೆ ಹಾಕಿದ್ದು 5.30ಕ್ಕೆ. ಅವನ ಮನೆಯಲ್ಲಿ ಅಪ್‌ಲೋಡ್ ಸ್ಪೀಡ್ ಸುಮಾರು 4 ಎಂಬಿಪಿಎಸ್, ಅದು ಬಿಟ್ ಲೆಕ್ಕ, ಬೈಟಿಗೆ ತಿರುಗಿಸಿದ್ರೆ ಸೆಕೆಂಡಿಗೆ ಅರ್ಧ ಎಂಬಿ. ಐದೂವರೆಯಿಂದ ಆರರ ತನಕ 1800 ಸೆಕೆಂಡು, ಅಂದ್ರೆ 900 ಎಂಬಿ ಹೋಯ್ತು, ಅದು ರಾತ್ರಿ ಖಾತೆಗೆ, ಪೂರ್ತಿ ಫ್ರೀ. ಆರು ಗಂಟೆ ಹೊಡೀತು. ಬ್ಯಾಕಪ್ ಆ್ಯಪಿಗೆ ನಿಮ್ಮ ಪ್ಯಾಕಿನ ರಾತ್ರಿ ಯಾವಾಗ ಮುಗೀತದೆ ಅಂತ ಗೊತ್ತೇ ಇಲ್ಲ, ಅದು ಮುಂದುವರ್ಸಿತು. ದಿನದ ಒಂದೂವರೆ ಜಿಬಿ ಅಂದ್ರೆ 1536 ಎಂಬಿ, ಸೆಕೆಂಡಿಗೆ ಅರ್ಧ ಎಂಬಿಯ ಹಾಗೆ 3072 ಸೆಕೆಂಡು, 51 ನಿಮಿಷ. ಅರ್ಧ ಮುಗಿದದ್ದು 6.25ರ ಹೊತ್ತಿಗೆ, 90 ಪರ್ಸೆಂಟ್ 6.46ಕ್ಕೆ, ಪೂರ್ತಿ 6.51ಕ್ಕೆ. ಮೂರು ಮೆಸೇಜಿನ ಟೈಮ್ ನೋಡಿದ್ರೆ ಒಂದೆರಡು ನಿಮಿಷ ಆಚೀಚೆ ಅಷ್ಟೇ, ಅದು ತುಂಡು ಮುಗಿದ ಮೇಲೆ ವರದಿ ಹೋಗುವ ತಡ.

ಕತೆ ಅಲ್ಲಿಗೂ ಮುಗೀಲಿಲ್ಲ. 4096ರಲ್ಲಿ 900 ಮತ್ತು 1536 ಕಳೆದ್ರೆ ಇನ್ನೂ 1660 ಎಂಬಿ ಬಾಕಿ ಉಂಟು. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 8 ಕೆಬಿ, ಆ ಸ್ಪೀಡಲ್ಲಿ ಉಳಿದದ್ದು ಹೋಗ್ಲಿಕ್ಕೆ 59 ಗಂಟೆ ಬೇಕು. ಬ್ಯಾಕಪ್ ಆ ಸಪೂರ ದಾರಿಯನ್ನೂ ಪೂರ್ತಿ ತುಂಬಿಸಿ ಕೂತಿತ್ತು. ಅವನು ಬೆಳಿಗ್ಗೆ ಹಾಲಿನವನಿಗೆ ಯುಪಿಐ ಮಾಡ್ಲಿಕ್ಕೆ ನೋಡಿದ್ರೆ ಆಗ್ಲಿಲ್ಲ. ನೀವು ಗಮನಿಸಿರ್ಬಹುದು, ಕೆಲವೊಮ್ಮೆ 64 ಕೆಬಿಪಿಎಸಲ್ಲೂ ವಾಟ್ಸಾಪ್ ಟೆಕ್ಸ್ಟ್ ಹೋಗ್ತದೆ, ಯುಪಿಐ ಆಗ್ತದೆ, ಕೆಲವೊಮ್ಮೆ ಏನೂ ಆಗುದಿಲ್ಲ. ಏನೂ ಆಗದೆ ಇದ್ರೆ ಹಿಂದೆ ಯಾವುದೋ ಒಂದು ದೊಡ್ಡ ಅಪ್‌ಲೋಡೋ ಅಪ್‌ಡೇಟೋ ಕೂತಿದೆ ಅಂತಲೇ ಮೊದಲು ಅನುಮಾನ ಪಡಿ, ಸೆಟ್ಟಿಂಗ್ಸಿಗೆ ಹೋಗಿ ಆ ಆ್ಯಪಿನ ಬ್ಯಾಕ್‌ಗ್ರೌಂಡ್ ಡೇಟಾ ಬಂದ್ ಮಾಡಿದ್ರೆ ಸಾಕು, ಉಳಿದದ್ದೆಲ್ಲ ನಿಧಾನಕ್ಕಾದ್ರೂ ಓಡ್ತದೆ.

ಈ ಆರು ಗಂಟೆಯ ಗೆರೆ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಜನರ ಮಂಡೆಬಿಸಿ ಜಾಸ್ತಿ ಆಗುದು ಅಲ್ಲೇ. "ನಾನು ಡೌನ್‌ಲೋಡ್ ಒತ್ತಿದ್ದು 5.50ಕ್ಕೆ ಅಲ್ವಾ, ಅದು ಪೂರ್ತಿ ಫ್ರೀ ಆಗ್ಬೇಕಲ್ವಾ" ಅಂತ ಸಭೆಯಲ್ಲೂ ಒಬ್ರು ಮೇಡಂ ಕೇಳಿದ್ರು. ಇಲ್ಲ. ನೀವು ಯಾವಾಗ ಒತ್ತಿದ್ರಿ ಅನ್ನುದು ಗೇಟ್‌ವೇಗೆ ಬೇಡ, ಪ್ಯಾಕೆಟ್ ಯಾವ ಕ್ಷಣ ತನ್ನನ್ನ ದಾಟಿತು ಅನ್ನುದೇ ಲೆಕ್ಕ, ಅದೂ ಗೇಟ್‌ವೇಯ ಗಡಿಯಾರದಲ್ಲಿ, ನಿಮ್ಮ ಫೋನಿನ ಗಡಿಯಾರದಲ್ಲಿ ಅಲ್ಲ. ಇದನ್ನ ಮಾಡುವ ಕ್ರಮ ಹೀಗೆ. ಚಾರ್ಜಿಂಗ್ ಸರ್ವರ್ 5.58ಕ್ಕೆ 50 ಎಂಬಿಯ ತುಂಡು ಕೊಡುವಾಗ ಜೊತೆಗೆ ಒಂದು ಸಮಯವನ್ನೂ ಕಳಿಸ್ತದೆ, ಆರು ಗಂಟೆಗೆ ರೇಟ್ ಬದಲಾಗ್ತದೆ ಅಂತ. ಇದಕ್ಕೆ ಟ್ಯಾರಿಫ್ ಟೈಮ್ ಚೇಂಜ್ ಅಂತ ಹೆಸರು. ಗೇಟ್‌ವೇ ಆ ಒಂದೇ ತುಂಡಿನೊಳಗೆ ಎರಡು ಎಣಿಕೆ ಇಡ್ತದೆ, ಗೆರೆಯ ಮೊದಲು ಇಷ್ಟು, ಗೆರೆ ದಾಟಿದ ನಂತರ ಇಷ್ಟು ಅಂತ, ವರದಿ ಮಾಡುವಾಗ ಎರಡನ್ನೂ ಬೇರೆ ಬೇರೆ ಹೇಳ್ತದೆ. ಸರಿಯಾಗಿ ಹೊಂದಿಸಿದ್ರೆ ಗೆರೆಯ ಮೇಲೆ ಏನೂ ಮೋಸ ಇಲ್ಲ.

ಹೊಂದಿಸದೆ ಇದ್ರೆ? ಆಗ ಗೆರೆಯ ಮೇಲೆ ಕೂತ ಆ ಒಂದು ತುಂಡು ಯಾವ ಬದಿಗೆ ಅಂತ ಗೇಟ್‌ವೇಗೆ ಹೇಳ್ಲಿಕ್ಕೆ ಬರುದಿಲ್ಲ, ಸರ್ವರ್ ತನ್ನ ನಿಯಮದ ಪ್ರಕಾರ ಪೂರ್ತಿ ಒಂದು ಬದಿಗೆ ಹಾಕ್ತದೆ. ಹೆಚ್ಚೆಂದ್ರೆ ತಪ್ಪಾಗುದು ಒಂದು ತುಂಡಿನಷ್ಟು. ಹಾಗಾಗಿ ಗಡಿಯ ಹತ್ರ ಹತ್ತಿಪ್ಪತ್ತು ಎಂಬಿ ಆಚೀಚೆ ಆದ್ರೆ ಅದು ಇದೇ ಇರ್ಬಹುದು, 500 ಎಂಬಿ ವ್ಯತ್ಯಾಸ ಬಂದ್ರೆ ಇದು ಕಾರಣ ಅಲ್ಲ, ಬೇರೆ ಹುಡುಕ್ಬೇಕು.

ರಾತ್ರಿ 12ರ ಬದಿಯಲ್ಲಿ ತೊಂದರೆ ಬೇರೆ ತರ. ಸಂಜೆಯೇ ಡೇಟಾ ಮುಗಿಸಿ 64 ಕೆಬಿಪಿಎಸಲ್ಲಿ ಕೂತವ 12 ಆಗ್ಲಿ ಅಂತ ಕಾಯ್ತಾನೆ, 12 ಹೊಡೀತದೆ, ಸ್ಪೀಡ್ ಬರುದೇ ಇಲ್ಲ, 12.10 ಆದ್ರೂ ಇಲ್ಲ. ಸ್ಪೀಡ್ ಕಟ್ಟಿಹಾಕುದು ಲೆಕ್ಕದ ಸರ್ವರ್ ಅಲ್ಲ, ಪಾಲಿಸಿ ಸರ್ವರ್ ಅಂತ ಇನ್ನೊಂದು ಉಂಟು, ಈ ಸೆಷನ್ನಿಗೆ ಇಷ್ಟೇ ಸ್ಪೀಡ್ ಅಂತ ಗೇಟ್‌ವೇಗೆ ನಿಯಮ ಕೊಡುದು ಅದು. ಮಧ್ಯರಾತ್ರಿ ಆ ನಿಯಮವನ್ನ ಅದು ಪುನಃ ಬರೆದು ಕಳಿಸ್ಬೇಕು, ಒಂದೇ ಕ್ಷಣದಲ್ಲಿ ಸಾವಿರಾರು ಸೆಷನ್ನಿಗೆ. ಅದು ತಡ ಆಗ್ತದೆ, ಕೆಲವೊಮ್ಮೆ ನಿಮ್ಮ ಸೆಷನ್ ಹಳೇ ನಿಯಮದಲ್ಲೇ ಸಿಕ್ಕಿ ಬೀಳ್ತದೆ. 12 ಕಳೆದ ಮೇಲೆ ಒಮ್ಮೆ ಫ್ಲೈಟ್ ಮೋಡ್ ಹಾಕಿ ತೆಗೆದ್ರೆ ಸೆಷನ್ ಹೊಸತಾಗಿ ಶುರುವಾಗ್ತದೆ, ಹೊಸ ಸೆಷನ್ನಿಗೆ ಹೊಸ ನಿಯಮವೇ ಬರ್ಬೇಕು. ಅದು ಮಾಡಿಯೂ ಸ್ಪೀಡ್ ಬರದಿದ್ರೆ ಆಗ ಟವರಲ್ಲಿ ರಶ್ಶು, ಮಣಿಪಾಲದ ಹಾಸ್ಟೆಲುಗಳ ಹತ್ರ ಮಧ್ಯರಾತ್ರಿ ಎಷ್ಟು ಜನ ಒಟ್ಟಿಗೆ ಡೌನ್‌ಲೋಡ್ ಒತ್ತಿ ಕೂತಿರ್ತಾರೆ ಅಂತ ಯೋಚನೆ ಮಾಡಿ.

ಮತ್ತೆ ಬಂತು ರೌಂಡಿಂಗ್. ಇದರ ಬಗ್ಗೆ ಅನುಮಾನ ಜಾಸ್ತಿ, ನಿಜ ಹೇಳ್ಬೇಕಂದ್ರೆ ಈಗಿನ ಕಾಲದಲ್ಲಿ ಅದು ಅಷ್ಟು ದೊಡ್ಡ ಕಳ್ಳ ಅಲ್ಲ. ಹಿಂದೆ 2ಜಿ ಕಾಲದಲ್ಲಿ 10 ಕೆಬಿಗೆ 10 ಪೈಸೆ ಅಂತ ಇತ್ತು, ನೆನಪುಂಟಲ್ಲ. 10 ಕೆಬಿ ಒಂದು ಪಲ್ಸ್, 1 ಕೆಬಿ ಬಳಸಿದ್ರೂ ಒಂದು ಪಲ್ಸ್, 11 ಆದ್ರೆ ಎರಡು. ಆಗ ಸೆಷನ್ ತೆರೆದು ಮುಚ್ಚಿ ಮಾಡುದು ಜಾಸ್ತಿ. ಫೋನು ಐದೈದು ನಿಮಿಷಕ್ಕೆ ಮೇಲ್ ನೋಡಿದ್ರೆ ದಿನಕ್ಕೆ 288 ಸೆಷನ್, ಒಂದೊಂದಕ್ಕೆ 2 ಕೆಬಿ ಅಂತಿದ್ರೆ ನಿಜವಾಗಿ ಹೋದದ್ದು 576 ಕೆಬಿ, ಬಿಲ್ಲಿಗೆ ಬಿದ್ದದ್ದು 2880 ಕೆಬಿ, 28 ರೂಪಾಯಿ 80 ಪೈಸೆ. ಐದು ಪಟ್ಟು. ಮೇಲ್ ಒಂದೂ ಬಾರದೆ ಇದ್ರೂ ದುಡ್ಡು ಹೋಗ್ತಿತ್ತು.

ಈಗ 4ಜಿ, 5ಜಿಯಲ್ಲಿ ಸೆಷನ್ ಯಾವಾಗ್ಲೂ ತೆರೆದೇ ಇರ್ತದೆ, ರೌಂಡಿಂಗ್ ಆಗುದು ತುಂಡಿನ ವರದಿ ಹೋಗುವಾಗ. 50 ಎಂಬಿಯ ತುಂಡಿಗೆ ಹೆಚ್ಚೆಂದ್ರೆ 10 ಕೆಬಿ ಮೇಲಕ್ಕೆ ಹೋದ್ರೆ, 1536 ಎಂಬಿಗೆ 31 ತುಂಡು, 310 ಕೆಬಿ. ಒಂದು ಫೋಟೋದಷ್ಟೂ ಇಲ್ಲ.

ಆದ್ರೆ ರೌಂಡಿಂಗೂ ಬ್ಯಾಕ್‌ಗ್ರೌಂಡೂ ಒಟ್ಟು ಸೇರುವ ಒಂದು ಜಾಗ ಉಂಟು, ಅದು ಗೊತ್ತಿರ್ಬೇಕು. ನಿಮ್ಮ ಆ್ಯಂಡ್ರಾಯ್ಡ್ ಫೋನು ನೋಟಿಫಿಕೇಶನ್ ಬರ್ಲಿಕ್ಕೆ ಗೂಗಲ್ ಸರ್ವರಿಗೆ ಒಂದು ಕನೆಕ್ಷನ್ ಹಿಡ್ಕೊಂಡೇ ಇರ್ತದೆ, ಅದು ಕಡಿದು ಹೋಗದ ಹಾಗೆ ಮೊಬೈಲ್ ಡೇಟಾದಲ್ಲಿ ಸುಮಾರು 28 ನಿಮಿಷಕ್ಕೊಮ್ಮೆ "ಇದ್ದೇನೆ" ಅಂತ ಒಂದು ಸಣ್ಣ ಪ್ಯಾಕೆಟ್ ಕಳಿಸ್ತದೆ. ಹೋಗಿ ಬಂದು ಎಲ್ಲ ಸೇರಿ 200 ಬೈಟ್ ಅಂತ ಇಟ್ಕೊಂಡ್ರೆ ದಿನಕ್ಕೆ 51 ಸಲ, 10 ಕೆಬಿ. ಅದು ಏನೂ ಅಲ್ಲ. ಆದ್ರೆ ಗೇಟ್‌ವೇಗೆ ಇನ್ನೊಂದು ಅಭ್ಯಾಸ ಉಂಟು, ಸ್ವಲ್ಪ ಹೊತ್ತು ಏನೂ ಟ್ರಾಫಿಕ್ ಇಲ್ಲದಿದ್ರೆ ಹಿಡ್ಕೊಂಡ ತುಂಡನ್ನ ವಾಪಸ್ ಕೊಟ್ಟು ವರದಿ ಮಾಡಿಬಿಡ್ತದೆ. ಆ ಹೊತ್ತು ಹತ್ತು ನಿಮಿಷ ಅಂತಿದ್ರೆ, ಪ್ರತಿ 28 ನಿಮಿಷದ ಪ್ಯಾಕೆಟ್ಟಿಗೂ ಹೊಸ ತುಂಡು, ಹೊಸ ವರದಿ, ಪ್ರತಿ ವರದಿಗೂ 10 ಕೆಬಿಗೆ ರೌಂಡು. ಆಗ 10 ಕೆಬಿ ಇದ್ದದ್ದು 510 ಕೆಬಿ ಆಯ್ತು, 50 ಪಟ್ಟು! ದಿನದ ಪ್ಯಾಕ್ ಇದ್ದವ್ರಿಗೆ ಅದು ಅರ್ಧ ಎಂಬಿ, ಬಿಟ್ಟುಬಿಡಿ. ಆದ್ರೆ ದುಬೈಗೆ ಹೋಗಿ ಇಳಿದು, ರೋಮಿಂಗ್ ಪ್ಯಾಕ್ ಹಾಕದೆ ಡೇಟಾ ರೋಮಿಂಗ್ ಆನ್ ಬಿಟ್ರೆ, ಅಲ್ಲಿ ಪಲ್ಸ್ ಲೆಕ್ಕದಲ್ಲೇ ದುಡ್ಡು, ಆಗ ಈ ಸಣ್ಣ ಸಣ್ಣ "ಇದ್ದೇನೆ" ಪ್ಯಾಕೆಟ್ಟುಗಳೇ ಬಿಲ್ ಕಟ್ತವೆ, ಫೋನು ಜೇಬಿನಿಂದ ಹೊರಗೆ ತೆಗೀದಿದ್ರೂ. ನಮ್ಮ ಕಡೆಯಿಂದ ಗಲ್ಫಿಗೆ ಹೋಗುವವ್ರು ಇಷ್ಟು ಜನ ಇರುದ್ರಿಂದ ಇದನ್ನ ಒತ್ತಿ ಹೇಳ್ತೇನೆ, ಬಜ್ಪೆಯಲ್ಲಿ ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಆಫ್ ಉಂಟಾ ಅಂತ ನೋಡಿ.

ಗಲ್ಫ್ ಅಂದ ಕೂಡ್ಲೇ ಫ್ರೀ ಆ್ಯಪಿನ ವಿಷಯ. ಅಲ್ಲಿ ಸೋಶಿಯಲ್ ಮೀಡಿಯಾ ಪ್ಯಾಕ್ ಅಂತ ಸಿಗ್ತದೆ, ಕೆಲವು ಆ್ಯಪಿನ ಡೇಟಾ ಬೇರೆ ಲೆಕ್ಕ, ಮುಖ್ಯ ಡೇಟಾದಿಂದ ಕಳೆಯುದಿಲ್ಲ. ನಮ್ಮಲ್ಲಿ ಹಾಗೆ ಮಾಡುವ ಹಾಗಿಲ್ಲ. 2016ರ ಫೆಬ್ರವರಿ 8ಕ್ಕೆ ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಪ್ರಾಧಿಕಾರ ಟ್ರಾಯ್ ನಿಯಮ ತಂತು, ಯಾವ ವೆಬ್‌ಸೈಟು ಯಾವ ಆ್ಯಪು ಅಂತ ನೋಡಿ ಡೇಟಾಕ್ಕೆ ಬೇರೆ ಬೇರೆ ರೇಟ್ ಹಾಕ್ಬಾರ್ದು ಅಂತ. ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ನಮ್ಮಲ್ಲಿ ನಿಂತದ್ದು ಅದರಿಂದಲೇ. ತಪ್ಪಿದ್ರೆ ದಿನಕ್ಕೆ 50 ಸಾವಿರ, ಹೆಚ್ಚೆಂದ್ರೆ 50 ಲಕ್ಷ ದಂಡ. ರಾತ್ರಿ ಡೇಟಾ ಹೇಗೆ ನಡೀತದೆ ಹಾಗಾದ್ರೆ ಅಂತ ಕೇಳ್ಬಹುದು. ಅಲ್ಲಿ ಭೇದ ಇರುದು ಸಮಯದಲ್ಲಿ, 12ರಿಂದ 6ರ ಆ ಹೊತ್ತಲ್ಲಿ ನೀವು ಯಾವ ಆ್ಯಪ್ ಬೇಕಾದ್ರೂ ನೋಡಿ, ಎಲ್ಲದಕ್ಕೂ ಒಂದೇ ರೇಟು. ನನಗೆ ಈ ನಿಯಮ ಬಹಳ ಒಳ್ಳೇದು ಅಂತ ಕಾಣ್ತದೆ, ಯಾವ ಆ್ಯಪ್ ಗೆಲ್ಬೇಕು ಅಂತ ಕಂಪನಿ ತೀರ್ಮಾನ ಮಾಡುದು ಸರಿಯಲ್ಲ.

ಇಲ್ಲಿ ಜನ ಮೋಸ ಹೋಗುದು ಬೇರೆ ಕಡೆ. ರೀಚಾರ್ಜ್ ಜೊತೆ ಓಟಿಟಿ ಫ್ರೀ ಅಂತ ಇರ್ತದೆ. ಫ್ರೀ ಇರುದು ಚಂದಾ, ಸಿನಿಮಾ ನೋಡುವಾಗ ಡೇಟಾ ನಿಮ್ಮ ದಿನದ ಪ್ಯಾಕಿಂದಲೇ ಹೋಗ್ತದೆ. ಅಂಗಡಿಯಲ್ಲಿ ರೀಚಾರ್ಜ್ ಮಾಡುವವ್ರು ಇದನ್ನ ಒಂದು ವಾಕ್ಯ ಹೇಳಿಬಿಟ್ರೆ ಎಷ್ಟೋ ಜಗಳ ತಪ್ತದೆ.

ಗಲ್ಫಲ್ಲಿ ಇರುವ ನಿಮ್ಮ ಮನೆಯವ್ರಿಗೋಸ್ಕರ ಅಲ್ಲಿಯ ಫ್ರೀ ಆ್ಯಪಿನ ಲೆಕ್ಕ ಹೇಗೆ ಸೋರ್ತದೆ ಅಂತಲೂ ಹೇಳ್ತೇನೆ. ಗೇಟ್‌ವೇಗೆ ನಿಮ್ಮ ಆ್ಯಪ್ ಕಾಣುದಿಲ್ಲ, ಪ್ಯಾಕೆಟ್ ಯಾವ ಅಡ್ರೆಸ್ಸಿಗೆ ಹೋಗ್ತದೆ, ಕನೆಕ್ಷನ್ ಶುರುವಾಗುವಾಗ ಯಾವ ಸರ್ವರಿನ ಹೆಸರು ಹೇಳಿತು ಅಂತ ನೋಡಿ ಇದು ಆ ಆ್ಯಪೇ ಅಂತ ಊಹೆ ಮಾಡ್ತದೆ. ಆ ಹೆಸರು ಕಾಣುವ ತನಕದ ಮೊದಲ ಕೆಲವು ಪ್ಯಾಕೆಟ್ ಮಾಮೂಲಿ ಲೆಕ್ಕಕ್ಕೆ ಹೋಗ್ಬಹುದು. ಆ್ಯಪ್ ಒಳಗೇ ಒಂದು ನ್ಯೂಸ್ ಲಿಂಕ್ ಒತ್ತಿದ್ರೆ, ಪರದೆ ಆ ಆ್ಯಪಿನದ್ದೇ ಇರ್ಬಹುದು, ಆದ್ರೆ ಸರ್ವರ್ ಬೇರೆ, ಆದ್ರಿಂದ ಮುಖ್ಯ ಡೇಟಾದಿಂದ ಕಟ್. ಎಲ್ಲ ಡೇಟಾವನ್ನ ತನ್ನ ಸರ್ವರ್ ಮೂಲಕ ಸುತ್ತಿಸುವ ವಿಪಿಎನ್ ಆನ್ ಇದ್ರಂತೂ ಗೇಟ್‌ವೇಗೆ ಕಾಣುದು ವಿಪಿಎನ್ ಸರ್ವರ್ ಒಂದೇ, ಫ್ರೀ ಅನ್ನುದು ಪೂರ್ತಿ ಹೋಯ್ತು. ಮತ್ತೊಂದು ವಿಚಿತ್ರ ಉಂಟು, ಮುಖ್ಯ ಡೇಟಾ ಸೊನ್ನೆ ಆದ ಮೇಲೆ ಫ್ರೀ ಆ್ಯಪೂ ತೆರೆಯುದಿಲ್ಲ ಅಂತ ಕೆಲವ್ರು ಹೇಳ್ತಾರೆ. ಆ್ಯಪ್ ತನ್ನ ಸರ್ವರನ್ನ ಹುಡುಕ್ಲಿಕ್ಕೆ ಮೊದಲು ಹೆಸರು ಕೊಟ್ರೆ ವಿಳಾಸ ಹೇಳುವ ಡಿಎನ್ಎಸ್ ಸರ್ವರನ್ನ ಕೇಳ್ಬೇಕು, ಆ ಒಂದು ಪ್ರಶ್ನೆಯನ್ನ ಮಾಮೂಲಿ ಲೆಕ್ಕದಲ್ಲಿ ಇಟ್ಟಿದ್ರೆ ಅದಕ್ಕೆ ಬ್ಯಾಲೆನ್ಸ್ ಇಲ್ಲ, ಹಾಗಾಗಿ ಫ್ರೀ ಬಾಗಿಲು ತೆರೆದಿದ್ರೂ ವಿಳಾಸವೇ ಸಿಗುದಿಲ್ಲ.

ಕೊನೆಗೆ, ಕಂಪನಿ ಲೆಕ್ಕ ಸರಿ ಉಂಟಾ ಅಂತ ನೀವೇ ನೋಡುದು ಹೇಗೆ. ಸಭೆಯಲ್ಲಿ ಎಲ್ಲರೂ ಬರ್ಕೊಂಡದ್ದು ಇದನ್ನೇ. ಮಧ್ಯಾಹ್ನ ಒಂದು ಹೊತ್ತು ಆರಿಸಿ, ರಾತ್ರಿ ಗೆರೆಯಿಂದ ದೂರ ಇರ್ಬೇಕು. ಬ್ರೌಸರ್ ಒಂದನ್ನ ಬಿಟ್ಟು ಉಳಿದ ಎಲ್ಲ ಆ್ಯಪಿಗೆ ಡೇಟಾ ಬಂದ್ ಆಗುವ ಹಾಗೆ ಡೇಟಾ ಸೇವರ್ ಹಾಕಿ. ಫ್ಲೈಟ್ ಮೋಡ್ ಹಾಕಿ ಹತ್ತು ನಿಮಿಷ ಬಿಟ್ಟು ಕಂಪನಿಯ ಬ್ಯಾಲೆನ್ಸ್ ಬರ್ಕೊಳ್ಳಿ, ಫೋನಿನ ಲೆಕ್ಕವನ್ನೂ ಬರ್ಕೊಳ್ಳಿ. ಆಮೇಲೆ ಡೇಟಾ ಆನ್ ಮಾಡಿ, ಸೈಜ್ ಸರಿಯಾಗಿ ಗೊತ್ತಿರುವ 100 ಎಂಬಿಯ ಒಂದು ಫೈಲ್ ಡೌನ್‌ಲೋಡ್ ಮಾಡಿ, ಪುನಃ ಫ್ಲೈಟ್ ಮೋಡ್, ಪುನಃ ಹತ್ತು ನಿಮಿಷ, ಪುನಃ ಎರಡೂ ಲೆಕ್ಕ.

ಸರಿಯಾಗಿ 100 ಬರುದಿಲ್ಲ, ಬರ್ಲಿಕ್ಕೂ ಬಾರ್ದು. ಫೈಲು ಸಣ್ಣ ಸಣ್ಣ ಪ್ಯಾಕೆಟ್ ಆಗಿ ಬರ್ತದೆ, ಒಂದೊಂದರಲ್ಲಿ ಫೈಲಿನ ಭಾಗ 1448 ಬೈಟು, ಅದರ ತಲೆಯ ಮೇಲೆ ವಿಳಾಸ ಗಿಳಾಸ ಅಂತ 52 ಬೈಟು. 100 ಎಂಬಿಗೆ ಸುಮಾರು 72,400 ಪ್ಯಾಕೆಟ್, ಆ ತಲೆಭಾರವೇ 3.6 ಎಂಬಿ. ಎರಡು ಪ್ಯಾಕೆಟ್ಟಿಗೊಂದು ಮುಟ್ಟಿತು ಅಂತ ನಿಮ್ಮ ಫೋನು ಉತ್ತರ ಕಳಿಸಿದ್ರೆ ಅದು ಹೆಚ್ಚೆಂದ್ರೆ 1.8 ಎಂಬಿ. ಒಟ್ಟು 105 ಎಂಬಿಯ ಆಸುಪಾಸು. ಸಿಗ್ನಲ್ ವೀಕ್ ಇದ್ರೆ ಇನ್ನೊಂದೆರಡು ಸೇರ್ತದೆ. 103ರಿಂದ 108ರ ಒಳಗೆ ಬಂದ್ರೆ ಮೀಟರ್ ಸರಿ ಉಂಟು. ಒಂದು ಎಚ್ಚರ ಮಾತ್ರ, ಫೈಲಿನ 100 ಎಂಬಿ ಸಾವಿರದ ಲೆಕ್ಕದ್ದಾ 1024ರ ಲೆಕ್ಕದ್ದಾ ನೋಡ್ಕೊಳ್ಳಿ, ಸಾವಿರದ ಲೆಕ್ಕದ 100 ಅಂದ್ರೆ 1024ರಲ್ಲಿ 95.4 ಮಾತ್ರ. ಜಿಬಿಗೆ ಹೋಗುವಾಗ ಈ ವ್ಯತ್ಯಾಸ 7 ಪರ್ಸೆಂಟ್ ಆಗ್ತದೆ, ಎಷ್ಟೋ ಜಗಳ ಇದೊಂದರಿಂದಲೇ.

120 ಬಂದ್ರೆ? ಮೊದಲು ಫೋನಿನ ಲೆಕ್ಕ ನೋಡಿ. ಫೋನೂ 120 ಹೇಳಿದ್ರೆ ಯಾವುದೋ ಆ್ಯಪ್ ಹಿಂದಿನಿಂದ ತಿಂದಿದೆ, ಪಟ್ಟಿಯಲ್ಲಿ ಹೆಸರು ಸಿಗ್ತದೆ. ಫೋನು 105, ಕಂಪನಿ 120 ಅಂತ ಬಂದ್ರೆ, ಇನ್ನೆರಡು ದಿನ ಅದೇ ಪರೀಕ್ಷೆ ಮಾಡಿ, ಪುನಃ ಹಾಗೇ ಬಂದ್ರೆ ಆಗ ದೂರು ಕೊಡಿ. ಪ್ರಿಪೇಯ್ಡ್ ಗಿರಾಕಿಯೂ ಹಿಂದಿನ ಆರು ತಿಂಗಳ ಒಳಗಿನ ಬಳಕೆಯ ವಿವರ ಕೇಳಿ ತಕ್ಕೊಳ್ಬಹುದು, ಅದಕ್ಕೆ 50 ರೂಪಾಯಿಗಿಂತ ಜಾಸ್ತಿ ತಕ್ಕೊಳ್ಳುವ ಹಾಗಿಲ್ಲ, ಇದು 2012ರ ಟ್ರಾಯ್ ನಿಯಮ. ಕಸ್ಟಮರ್ ಕೇರಲ್ಲಿ ದೂರಿನ ನಂಬರ್ ತಕ್ಕೊಳ್ಳಿ, ಅಲ್ಲಿ ಸರಿ ಆಗದಿದ್ರೆ ಅದೇ ಕಂಪನಿಯ ಅಪೀಲ್ ಪ್ರಾಧಿಕಾರಕ್ಕೆ ಹೋಗ್ಬಹುದು. "ಡೇಟಾ ಬೇಗ ಖಾಲಿ ಆಗ್ತದೆ" ಅಂತ ಬರೆದ್ರೆ ರೆಡಿ ಉತ್ತರ ಬಂದು ಬೀಳ್ತದೆ, ನಾನು ಆ ಬದಿಯಲ್ಲಿ ಕೂತು ನೋಡಿದ್ದೇನೆ. ಇಂಥ ತಾರೀಕು, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಮೊದಲ ಬ್ಯಾಲೆನ್ಸ್ ಇಷ್ಟು, ನಂತರದ್ದು ಇಷ್ಟು, ಫೋನಿನ ಲೆಕ್ಕ ಇಷ್ಟು ಅಂತ ಸ್ಕ್ರೀನ್‌ಶಾಟ್ ಸಮೇತ ಬರೆದ್ರೆ, ಆ ಹೊತ್ತಿನ ಗೇಟ್‌ವೇ ವರದಿ ತೆಗೆದು ನೋಡದೆ ಅವ್ರಿಗೆ ಬೇರೆ ದಾರಿ ಇರುದಿಲ್ಲ.